ಹೊಸ ಕಂಪನಿ ಆಫರ್‌ನಲ್ಲಿ 90 ದಿನ ನೋಟಿಸ್ ಹಾಕಿದಾರೆ, ಕಮ್ಮಿ ಮಾಡಿ ಅಥವಾ ಬೈಔಟ್ ಕೊಡಿ ಅಂತ ಕೇಳೋದು ಹೇಗೆ?

ಹಸಿರುಗಿಣಿ

ಎಲ್ರಿಗೂ ನಮಸ್ಕಾರ. ಒಂದು ಆಫರ್ ಬಂದಿದೆ, ಡೇಟಾ ಪ್ಲಾಟ್‌ಫಾರ್ಮ್ ಟೀಮ್‌ಗೆ. ಸಂಬಳ, ಕೆಲಸ ಎರಡೂ ಇಷ್ಟ ಆಗಿದೆ, ಫೋನಲ್ಲಿ ಸರಿ ಅಂದಿದೀನಿ, ಆದ್ರೆ ಇನ್ನೂ ಸೈನ್ ಮಾಡಿಲ್ಲ. ಲೆಟರ್ ಓದ್ತಾ ಇದ್ರೆ ಒಂದು ಕ್ಲಾಸ್, ಅಂದ್ರೆ ಷರತ್ತಿನ ಹತ್ರ ನಿಂತ್ಬಿಟ್ಟೆ. ಪ್ರೊಬೇಷನ್‌ನಲ್ಲಿ 30 ದಿನ ನೋಟಿಸ್, ಕನ್ಫರ್ಮ್ ಆದ್ಮೇಲೆ ಎರಡೂ ಕಡೆಯಿಂದ 90 ದಿನ. ಅದರ ಕೆಳಗೆ, ನೋಟಿಸ್ ದಿನಗಳ ಬದಲಿಗೆ ಸಂಬಳ ಕೊಡೋದೋ ತಗೊಳ್ಳೋದೋ "ಕಂಪನಿಯ ವಿವೇಚನೆಗೆ ಬಿಟ್ಟದ್ದು" ಅಂತ ಇದೆ.

ಈಗ ಇರೋ ಕಂಪನೀಲೂ 90 ದಿನಾನೇ. ಕೆಲಸ ಹುಡುಕುವಾಗ ಟೆಕ್ನಿಕಲ್ ರೌಂಡ್ ಎಲ್ಲ ಚೆನ್ನಾಗಿ ಹೋಗಿ ಕೊನೇಲಿ "ಯಾವಾಗ ಸೇರ್ತೀರಾ" ಅಂತ ಕೇಳಿ, ಮೂರು ತಿಂಗಳು ಅಂದ ತಕ್ಷಣ ಆ ಕಡೆಯಿಂದ ಸದ್ದೇ ಇಲ್ಲ, ಹೀಗೆ ಎಷ್ಟೋ ಸಲ ಆಗಿದೆ. ಮತ್ತೆ ಅದೇ ಹಗ್ಗಕ್ಕೆ ಕೊರಳು ಕೊಡೋಕೆ ಇಷ್ಟ ಇಲ್ಲ. ಸೇರೋ ಮುಂಚೇನೇ ಬಿಡೋ ಮಾತು ಆಡಿದ್ರೆ ಏನ್ ಅನ್ಕೋತಾರೋ ಅಂತ ಅಳುಕು ಬೇರೆ. ಎಚ್.ಆರ್.ಗೆ ಕಳಿಸೋಕೆ ಇಷ್ಟು ಬರ್ದಿದೀನಿ, ನೋಡಿ ಹೇಳಿ:

"ನೋಟಿಸ್ ಅವಧಿ 90 ದಿನ ತುಂಬಾ ಜಾಸ್ತಿ ಅನಿಸ್ತಿದೆ. ದಯವಿಟ್ಟು 30 ದಿನ ಮಾಡಿಕೊಡಿ ಅಥವಾ ಬೈಔಟ್ ಆಪ್ಷನ್ ಕೊಡಿ."

ಇಷ್ಟು ಸಾಕಾ?

ಸುಮ್ನೆಬಂದೆ

ಇದು ಈಗ ಮಾಮೂಲು, ಧೈರ್ಯವಾಗಿ ಕೇಳಿ. ನಾನು ಸೇರುವಾಗ ಹೊಸ ಕಂಪನೀನೇ ಹಳೇ ಕಂಪನಿಗೆ ಬೈಔಟ್ ದುಡ್ಡು ಕಟ್ತು. ಅಂದ್ರೆ ಮೊದಲು ನಾನು ಕಟ್ದೆ, ಆಮೇಲೆ ರಸೀದಿ ಕೊಟ್ಟಾಗ ಸಂಬಳದ ಜೊತೆ ವಾಪಸ್ ಹಾಕಿದ್ರು. ಟ್ಯಾಕ್ಸ್ ಕಟ್ ಆಗಿ ಬಂತು, ಹಾಗಾಗಿ ಪೂರ್ತಿ ಸಿಗಲಿಲ್ಲ. ಒಂದು ವರ್ಷದ ಒಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತಾನೂ ಬರೆಸಿಕೊಂಡ್ರು. ಟ್ಯಾಕ್ಸ್ ಕಳೆದ ಮೇಲೆ ಕೈಗೆ ಬರೋದು ಎಷ್ಟು, ವಾಪಸ್ ಕೊಡಬೇಕಾಗಿ ಬಂದ್ರೆ ಪೂರ್ತೀನಾ ಅಥವಾ ಕೆಲಸ ಮಾಡಿದ ತಿಂಗಳು ಕಳೆದಾ, ಇವೆರಡನ್ನ ಮೊದಲೇ ಕೇಳ್ಕೊಳಿ.

ಹಸಿರುಗಿಣಿ

@ಸುಮ್ನೆಬಂದೆ ಥ್ಯಾಂಕ್ಸ್, ಆದ್ರೆ ನನ್ನ ಪ್ರಶ್ನೆ ಅದಲ್ಲ. ಹಳೇ ಕಂಪನಿ ನೋಟಿಸ್ ಮುಗಿಯೋ ತನಕ ಕಾಯ್ತೀವಿ ಅಂತ ಇವ್ರು ಒಪ್ಕೊಂಡಿದಾರೆ. ಹೊಸ ಕಂಪನಿ ನನಗೆ ಹಾಕ್ತಿರೋ 90 ದಿನದ ಬಗ್ಗೆ ಕೇಳ್ತಿರೋದು, ಮುಂದೆ ಎಂದಾದ್ರೂ ಅಲ್ಲಿಂದ ಬಿಡೋ ಹೊತ್ತಿಗೆ.

ನೇರನುಡಿ

ಇದಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೋಬೇಡಿ. ಸೈನ್ ಮಾಡಿ ಸೇರ್ಕೊಳಿ. ಬಿಡ್ಬೇಕು ಅಂದಾಗ ಬಿಡಿ. ಯಾವ ಕೋರ್ಟೂ ನಿಮ್ಮನ್ನ ಬಲವಂತವಾಗಿ ಕೂರ್ಸಿ ಕೆಲ್ಸ ಮಾಡ್ಸೋಕೆ ಆಗಲ್ಲ, ನೋಟಿಸ್ ಅನ್ನೋದು ಬರೀ ಪೇಪರ್ ಮೇಲಿನ ಮಾತು.

ಹಳೇಎಚ್ಚಾರ್

@ನೇರನುಡಿ ಅವ್ರೇ, ಅರ್ಧ ಸರಿ ಹೇಳಿದ್ರಿ. ಬಲವಂತವಾಗಿ ಕೆಲಸ ಮಾಡಿಸೋಕೆ ಆಗಲ್ಲ ಅನ್ನೋದು ಹೌದು, ಹೆಚ್ಚಿನ ಕಡೆ ಕಾನೂನು ಹಾಗೇ ಇದೆ. ಆದ್ರೆ ದುಡ್ಡು ವಸೂಲಿಗೆ ಹೋಗೋದು ಬೇರೆ ವಿಷಯ, ಕಾಂಟ್ರಾಕ್ಟ್ ಪ್ರಕಾರ ಕೇಳ್ಬಹುದು. ಹೆಚ್ಚಿನ ಕಂಪನಿಗಳು ಕೋರ್ಟ್ ತನಕ ಹೋಗೋದೂ ಇಲ್ಲ, ಸುಮ್ನೆ ರಿಲೀವಿಂಗ್ ಲೆಟರ್ ತಡೆ ಹಿಡಿತಾರೆ, ಕೊನೆ ತಿಂಗಳ ಸಂಬಳ ಸೆಟಲ್‌ಮೆಂಟ್‌ನಲ್ಲಿ ಹಿಡಿತಾರೆ, ಮುಂದಿನ ಕಂಪನಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡ್ಸಿದಾಗ "ಎಕ್ಸಿಟ್ ಪ್ರೊಸೆಸ್ ಮುಗಿಸಿಲ್ಲ" ಅಂತ ಒಂದು ಸಾಲು ಬರೆದು ಕಳಿಸ್ತಾರೆ. ಆ ಒಂದು ಸಾಲಿನಿಂದ ಆಫರ್ ವಾಪಸ್ ಹೋಗಿರೋದನ್ನ ನಾನು ಟೇಬಲ್‌ನ ಈ ಕಡೆ ಕೂತು ನೋಡಿದೀನಿ. ಹಾಗಾಗಿ ಅವ್ರು ಈಗ್ಲೇ ಕೇಳ್ತಿರೋದೇ ಸರಿ.

@ಹಸಿರುಗಿಣಿ ಮೇಡಂ, ಆ ಮೇಲ್ ಹಾಗೇ ಕಳಿಸ್ಬೇಡಿ. ನಾನು ತುಂಬಾ ವರ್ಷ ಎಚ್.ಆರ್.ನಲ್ಲಿ ಇದ್ದೆ, ಇಂಥ ಮೇಲ್‌ಗೆ ಒಳಗಡೆ ಏನಾಗುತ್ತೆ ಹೇಳ್ತೀನಿ. ಮೇಲ್ ಹೋಗೋದು ರಿಕ್ರೂಟರ್ ಹತ್ರ. ನೋಟಿಸ್ ಬದಲಾಯಿಸೋ ಅಧಿಕಾರ ಅವ್ರಿಗಿಲ್ಲ. ಅದು ಗ್ರೇಡ್‌ಗೆ ಕಟ್ಟಿರೋ ಪಾಲಿಸಿ, ನಿಮ್ಮ ಗ್ರೇಡ್‌ನಲ್ಲಿ ಇರೋರಿಗೆಲ್ಲ ಒಂದೇ. "ತುಂಬಾ ಜಾಸ್ತಿ ಅನಿಸ್ತಿದೆ" ಅಂದ್ರೆ ಅವ್ರು ಮುಂದೆ ತಗೊಂಡು ಹೋಗೋಕೆ ಕಾರಣಾನೇ ಸಿಗಲ್ಲ, "ಕಂಪನಿ ಪಾಲಿಸಿ, ಎಲ್ರಿಗೂ ಹೀಗೇ" ಅಂತ ಅಲ್ಲೇ ಮುಗಿಸ್ತಾರೆ. ಆ ಉತ್ತರ ಕಂಪನೀದಲ್ಲ, ರಿಕ್ರೂಟರ್‌ದು. ಎಕ್ಸೆಪ್ಷನ್ ಒಪ್ಪೋರು ಬೇರೆ ಇರ್ತಾರೆ. ನಿಮ್ಮ ಹೈರಿಂಗ್ ಮ್ಯಾನೇಜರ್ "ನಂಗೆ ಇವ್ರು ಬೇಕು, ಪರವಾಗಿಲ್ಲ" ಅನ್ಬೇಕು, ಆಮೇಲೆ ಎಚ್.ಆರ್. ಹೆಡ್ ಸೈನ್ ಹಾಕ್ಬೇಕು. ಹಾಗಾಗಿ ಮೊದಲು ಮ್ಯಾನೇಜರ್ ಜೊತೆ ಹತ್ತು ನಿಮಿಷ ಫೋನಲ್ಲಿ ಮಾತಾಡಿ, ಅವ್ರು ಸರಿ ಅಂದ್ಮೇಲೆ ರಿಕ್ರೂಟರ್‌ಗೆ ಮೇಲ್ ಹಾಕಿ, ಮ್ಯಾನೇಜರ್‌ನ ಕಾಪಿಯಲ್ಲಿ ಇಡಿ.

ಇನ್ನೊಂದು, ನಿಮ್ಮ ಮೇಲ್‌ನಲ್ಲಿ "ಅದು ಇಲ್ಲ ಇದು" ಅಂತ ಎರಡು ಬೇರೆ ಬೇರೆ ವಿಷಯ ಒಂದೇ ಸಾಲಲ್ಲಿ ಕೇಳಿದೀರಿ. ಯಾವುದು ನಿಜವಾಗ್ಲೂ ಬೇಕು ಅಂತ ನಿಮ್ಗೇ ಸ್ಪಷ್ಟ ಇಲ್ಲ ಅನಿಸುತ್ತೆ. ಮೊದಲು ಅದನ್ನ ತೀರ್ಮಾನ ಮಾಡ್ಕೊಳಿ.

ಹಸಿರುಗಿಣಿ

ಸರ್, ನಂಗೆ 30 ದಿನ ಆಗ್ಬಿಟ್ರೆ ಬೈಔಟ್ ಬೇಕೇ ಇಲ್ವಲ್ಲ? ಅದಕ್ಕೇ ಹಾಗೆ ಬರ್ದಿದ್ದು.

ಕೋಡುಗಲ್ಲು

ಇಲ್ಲೇ ಸ್ವಲ್ಪ ನಿಲ್ಲಿ. ನಿಮ್ಮ ಲೆಟರ್‌ನಲ್ಲಿ "ಎರಡೂ ಕಡೆಯಿಂದ 90 ದಿನ" ಅಂತ ಇದೆ ಅಂದ್ರಿ. ಅದನ್ನ 30 ಮಾಡಿಸಿದ್ರೆ ಕಂಪನಿ ಕಡೆಯಿಂದಾನೂ 30 ಆಗುತ್ತೆ. ನಾಳೆ ಪ್ರಾಜೆಕ್ಟ್ ಮುಚ್ಚಿ ಜನ ತೆಗೆಯೋ ಹೊತ್ತು ಬಂದ್ರೆ ನಿಮ್ಗೆ ಮೂರು ತಿಂಗಳ ಬದಲು ಒಂದೇ ತಿಂಗಳ ಸಂಬಳ. ನಂಗೆ ಗೊತ್ತಿರೋ ಒಂದು ಟೀಮ್‌ನ ಇಡಿಯಾಗಿ ತೆಗೆದಾಗ 90 ದಿನ ಇದ್ದೋರು ಮನೇಲಿ ಕೂತು ಸಂಬಳ ತಗೊಳ್ತಾ ಬೇರೆ ಕೆಲಸ ಹುಡ್ಕಿದ್ರು, 30 ದಿನ ಇದ್ದೋರಿಗೆ ಆ ಸಮಯ ಸಿಗಲಿಲ್ಲ. ಲಾಂಗ್ ನೋಟಿಸ್ ಬರೀ ಸಂಕೋಲೆ ಅಲ್ಲ, ನಿಮಗೆ ರಕ್ಷಣೇನೂ ಹೌದು.

ಅದಕ್ಕೇ ನನ್ನ ಅಭಿಪ್ರಾಯ, ದಿನ ಕಮ್ಮಿ ಮಾಡ್ಸೋದಕ್ಕಿಂತ 90 ಹಾಗೇ ಇರ್ಲಿ ಅಂತ ಬಿಟ್ಟು, ನೌಕರರ ಇಷ್ಟದ ಮೇಲೆ ಬೈಔಟ್ ಮಾಡೋ ಹಕ್ಕು ಬರೆಸ್ಕೊಳೋದು ವಾಸಿ. ಈಗ ಬೈಔಟ್ ಇದೆ, ಆದ್ರೆ ಅದರ ಕೀಲಿಕೈ ಕಂಪನಿ ಜೇಬಲ್ಲಿದೆ. "ಕಂಪನಿಯ ವಿವೇಚನೆಗೆ ಬಿಟ್ಟದ್ದು" ಅಂದ್ರೆ ನೀವು ದುಡ್ಡು ಹಿಡ್ಕೊಂಡು ನಿಂತ್ರೂ "ಬೇಡ, ದಿನ ಪೂರ್ತಿ ಮಾಡಿ" ಅನ್ಬಹುದು. ಬಹಳ ಜನ ಲೆಟರ್‌ನಲ್ಲಿ ಬೈಔಟ್ ಅನ್ನೋ ಪದ ನೋಡಿ ಸಮಾಧಾನ ಆಗ್ತಾರೆ, ಅದು ಯಾರ ಇಷ್ಟ ಅಂತ ನೋಡೋದೇ ಇಲ್ಲ.

ಅಲೆಮಾರಿ

@ಕೋಡುಗಲ್ಲು ನಾನು ಒಪ್ಪಲ್ಲ. ಲೇಆಫ್ ಬಂದಾಗ ಕಂಪನಿ ಹೇಗೂ ಏನೋ ಪ್ಯಾಕೇಜ್ ಕೊಡುತ್ತೆ. ಆದ್ರೆ ಬೈಔಟ್ ದುಡ್ಡು ಹೋಗೋದು ನನ್ನ ಜೇಬಿಂದ. 30 ದಿನ ಆದ್ರೆ ದುಡ್ಡೂ ಇಲ್ಲ, ಪರ್ಮಿಷನ್ನೂ ಬೇಡ. ಕೆಲಸ ಬೇಗ ಬೇಗ ಬದಲಾಯಿಸೋ ಫೀಲ್ಡ್‌ನಲ್ಲಿ ಇರೋರಿಗೆ ಕಮ್ಮಿ ದಿನಾನೇ ಒಳ್ಳೇದು.

ನಾನು ಈಗ ಜರ್ಮನೀಲಿ ಇದೀನಿ, ಇಲ್ಲಿ ನೌಕರ ಕೊಡ್ಬೇಕಾದ ಕನಿಷ್ಠ ನೋಟಿಸ್ ಕಾನೂನಲ್ಲೇ ಇದೆ, ಸಾಮಾನ್ಯವಾಗಿ 4 ವಾರ, ಅದೂ 15ನೇ ತಾರೀಖಿಗೋ ತಿಂಗಳ ಕೊನೆಗೋ ಮುಗಿಯೋ ಹಾಗೆ. ಪ್ರೊಬೇಷನ್‌ನಲ್ಲಿ 2 ವಾರ. ಕಾಂಟ್ರಾಕ್ಟ್‌ನಲ್ಲಿ ಜಾಸ್ತಿ ಬರೆಸ್ಕೋಬಹುದು, ಆದ್ರೆ ನೌಕರನಿಗೆ ಕಂಪನಿಗಿಂತ ಉದ್ದದ ನೋಟಿಸ್ ಹಾಕೋ ಹಾಗಿಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಕೆಲವು ಆಫರ್‌ನಲ್ಲಿ ನೌಕರನಿಗೆ 90, ಕಂಪನಿಗೆ 30 ಅಂತ ಇರುತ್ತೆ. ಅಂಥ ಕಡೆ "ಎರಡೂ ಕಡೆ ಒಂದೇ ಮಾಡಿ" ಅಂತ ಕೇಳೋಕೆ ನಾಚಿಕೆ ಪಡೋದು ಬೇಡ.

ಹಳೇಎಚ್ಚಾರ್

ಇಬ್ರು ಹೇಳಿದ್ದೂ ಅವ್ರವ್ರ ಪರಿಸ್ಥಿತಿಗೆ ಸರಿ, ಅದನ್ನ ಹಸಿರುಗಿಣಿ ಅವ್ರೇ ತೀರ್ಮಾನ ಮಾಡ್ಲಿ. ಕಂಪನಿ ಯಾವುದಕ್ಕೆ ಒಪ್ಪುತ್ತೆ ಅನ್ನೋದನ್ನ ನಾನು ಹೇಳ್ತೀನಿ. 90ನ 30 ಮಾಡೋದು ಕಷ್ಟ. ಅದು ಪಾಲಿಸಿ ಮುರಿದ ಹಾಗೆ, ಪಕ್ಕದ ಸೀಟಿನವನಿಗೆ ಗೊತ್ತಾದ್ರೆ ಅವನೂ ಕೇಳ್ತಾನೆ. 60 ಕೆಲವೊಮ್ಮೆ ಆಗುತ್ತೆ. ಷರತ್ತು ಹಾಕಿದ ಬೈಔಟ್ ಎಲ್ಲಕ್ಕಿಂತ ಸುಲಭ, ಯಾಕಂದ್ರೆ 90 ಅನ್ನೋ ನಂಬರ್ ಲೆಟರ್‌ನಲ್ಲಿ ಹಾಗೇ ಉಳಿಯುತ್ತೆ, ಪಾಲಿಸಿ ಕಾಯೋರಿಗೂ ಸಮಾಧಾನ.

ಕಂಪನಿಗೆ 90 ಯಾಕೆ ಬೇಕು ಅಂತಾನೂ ಸ್ವಲ್ಪ ಯೋಚ್ನೆ ಮಾಡಿ. ನೀವು ಬಿಟ್ಟ ಜಾಗಕ್ಕೆ ಇನ್ನೊಬ್ರನ್ನ ಹುಡುಕೋಕೆ ಟೈಮ್ ಬೇಕು, ಅವ್ರೂ ತಮ್ಮ 90 ಮುಗಿಸಿ ಬರ್ಬೇಕು, ಅದೇ ಸುತ್ತು. ಅವ್ರ ನಿಜವಾದ ಭಯ ಹ್ಯಾಂಡೋವರ್ ಆಗದೆ ಹೋಗ್ಬಿಡ್ತಾರೆ ಅನ್ನೋದು. ಹಾಗಾಗಿ ನಿಮ್ಮ ಬೇಡಿಕೆ ಒಳಗೇ ಆ ಭಯಕ್ಕೆ ಉತ್ತರ ಇರ್ಲಿ, "ಇಷ್ಟು ದಿನ ಖಂಡಿತ ಕೆಲಸ ಮಾಡ್ತೀನಿ, ಹ್ಯಾಂಡೋವರ್ ಮಾಡ್ತೀನಿ, ಉಳಿದ ದಿನಕ್ಕೆ ದುಡ್ಡು ಕಟ್ತೀನಿ" ಅಂತ. ನಾನಾಗಿದ್ರೆ ಹೀಗೆ ಬರೀತಿದ್ದೆ:

"ಆಫರ್ ಬಗ್ಗೆ ಸಂತೋಷ ಇದೆ, ಸೇರೋಕೆ ಸಿದ್ಧ ಇದೀನಿ. ಸೈನ್ ಮಾಡೋ ಮುಂಚೆ ನೋಟಿಸ್ ಕ್ಲಾಸ್ ಬಗ್ಗೆ ಒಂದೇ ಒಂದು ಕೋರಿಕೆ. 90 ದಿನ ಹಾಗೇ ಇರಲಿ. ಅದರ ಜೊತೆ ಈ ಸಾಲು ಸೇರಿಸಿಕೊಡಿ: ರಾಜೀನಾಮೆ ಕೊಟ್ಟ ದಿನದಿಂದ 45 ದಿನ ಕೆಲಸ ಮಾಡಿದ ನಂತರ, ಉಳಿದ ದಿನಗಳಿಗೆ ಮೂಲ ವೇತನದ ಲೆಕ್ಕದಲ್ಲಿ ಹಣ ಪಾವತಿಸಿ ನೌಕರರು ಬಿಡುಗಡೆ ಪಡೆಯಬಹುದು, ಬಾಕಿ ಇರುವ ರಜೆಯನ್ನು ಉಳಿದ ದಿನಗಳಿಗೆ ಹೊಂದಿಸಿಕೊಳ್ಳಬಹುದು, ಇದಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಈ ಬಗ್ಗೆ ಮ್ಯಾನೇಜರ್ ಜೊತೆ ಮಾತಾಡಿದ್ದೇನೆ. ಇದಕ್ಕೆ ಯಾರ ಅಪ್ರೂವಲ್ ಬೇಕು ಅಂತ ತಿಳಿಸಿದರೆ ಅವರ ಜೊತೆಗೂ ಮಾತಾಡುತ್ತೇನೆ."

ಕೊನೆ ಸಾಲು ಮರೀಬೇಡಿ. "ಯಾರ ಅಪ್ರೂವಲ್ ಬೇಕು" ಅಂತ ಕೇಳಿದ್ರೆ ರಿಕ್ರೂಟರ್ ಸುಮ್ನೆ "ಆಗಲ್ಲ" ಅನ್ನೋ ಬದಲು ಇನ್ನೊಬ್ರ ಹೆಸರು ಹೇಳ್ಬೇಕಾಗುತ್ತೆ.

ಹಸಿರುಗಿಣಿ

ಸರ್ ತುಂಬಾ ಥ್ಯಾಂಕ್ಸ್. ಮೂಲ ವೇತನ ಅಂತ ಯಾಕೆ ಬೇರೆಯಾಗಿ ಬರೆದ್ರಿ? ಸಂಬಳ ಅಂದ್ರೆ ಸಂಬಳಾನೇ ಅಲ್ವಾ?

ಕೋಡುಗಲ್ಲು

ಇಲ್ಲ, ಅಲ್ಲೇ ಇರೋದು ದೊಡ್ಡ ವ್ಯತ್ಯಾಸ. ಲೆಕ್ಕ ಹಾಕಿ ತೋರಿಸ್ತೀನಿ. ತಿಂಗಳಿಗೆ ಗ್ರಾಸ್, ಅಂದ್ರೆ ಎಲ್ಲ ಸೇರಿದ ಸಂಬಳ, 1 ಲಕ್ಷ, ಅದ್ರಲ್ಲಿ ಬೇಸಿಕ್, ಅಂದ್ರೆ ಮೂಲ ವೇತನ, 40 ಸಾವಿರ ಅಂತ ಇಟ್ಕೊಳಿ. 90ರಲ್ಲಿ 45 ದಿನ ಕೆಲಸ ಮಾಡಿದ್ರಿ, ಉಳಿದಿದ್ದು 45. ತಿಂಗಳಿಗೆ 30 ದಿನ ಅಂತ ಹಿಡಿದ್ರೆ, ಗ್ರಾಸ್ ಲೆಕ್ಕದಲ್ಲಿ ನೀವು ಕಟ್ಬೇಕಾಗೋದು 1,50,000. ಬೇಸಿಕ್ ಲೆಕ್ಕದಲ್ಲಿ 60,000. ಈಗ ನಿಮ್ಮ ಹತ್ರ 12 ದಿನ ರಜೆ ಬಾಕಿ ಇದೆ, ಅದನ್ನ ಹೊಂದಿಸ್ಕೊಳೋಕೆ ಬಿಟ್ರೆ ಉಳಿಯೋದು 33 ದಿನ, ಗ್ರಾಸ್‌ನಲ್ಲಿ 1,10,000, ಬೇಸಿಕ್‌ನಲ್ಲಿ 44,000. ಅದೇ ಮನುಷ್ಯ, ಅದೇ ದಿನ ಬಿಡ್ತಿದಾನೆ, ಆದ್ರೆ ಲೆಟರ್‌ನಲ್ಲಿ ಎರಡು ಪದ ಹೇಗಿದೆ ಅನ್ನೋದ್ರ ಮೇಲೆ 44 ಸಾವಿರವೋ ಒಂದೂವರೆ ಲಕ್ಷವೋ.

ಲೆಟರ್‌ನಲ್ಲಿ ಬರೀ "ಸಂಬಳ" ಅಂತ ಇದ್ರೆ ಕೊನೇಲಿ ಲೆಕ್ಕ ಹಾಕೋರು ಕಂಪನಿ ಕಡೆಯ ಫೈನಾನ್ಸ್‌ನವ್ರು, ಅವ್ರು ಜಾಸ್ತಿ ಬರೋದನ್ನೇ ಹಾಕ್ತಾರೆ. ಇನ್ನೂ ಒಂದು ವಿಚಿತ್ರ ನೋಡಿದೀನಿ, ಕಂಪನಿ ತೆಗೆಯುವಾಗ ಬೇಸಿಕ್ ಕೊಡುತ್ತೆ, ನೀವು ಬಿಡುವಾಗ ಗ್ರಾಸ್ ಕೇಳುತ್ತೆ. ನಿಮ್ಮ ಲೆಟರ್‌ನಲ್ಲಿ ಎರಡೂ ಕಡೆ ಒಂದೇ ಪದ ಇದ್ಯಾ ನೋಡಿ.

ಹಸಿರುಗಿಣಿ

ಈಗ ತೆಗೆದು ನೋಡ್ದೆ. ಕೊಡೋ ಕಡೆ "ಬೇಸಿಕ್", ವಸೂಲಿ ಕಡೆ "ಗ್ರಾಸ್" ಅಂತಾನೇ ಇದೆ! ಇದನ್ನ ನಾನು ಗಮನಿಸೇ ಇರ್ಲಿಲ್ಲ ನೋಡಿ.

ನೇರನುಡಿ

ಹಳೇಎಚ್ಚಾರ್ ಸರ್ ಹೇಳಿದ ವೆರಿಫಿಕೇಷನ್ ವಿಷಯ ನಂಗೆ ಹೊಳೆದಿರ್ಲಿಲ್ಲ, ಒಪ್ಕೋತೀನಿ. ಆದ್ರೂ ಒಂದು ಪ್ರಶ್ನೆ. ಇಷ್ಟೆಲ್ಲ ಲೆಟರ್‌ನಲ್ಲಿ ಬರೆಸೋಕೆ ಹೋದ್ರೆ ಆಫರ್ರೇ ಕ್ಯಾನ್ಸಲ್ ಮಾಡಲ್ವಾ? ರಿಕ್ರೂಟರ್ ಹತ್ರ ಫೋನಲ್ಲಿ "ಆಮೇಲೆ ನೋಡ್ಕೊಳೋಣ, ನಾವು ಯಾರನ್ನೂ ಹಿಡಿಯಲ್ಲ" ಅಂತ ಹೇಳಿಸ್ಕೊಂಡ್ರೆ ಸಾಲದಾ? ನಮ್ಮಲ್ಲಿ ಹಾಗೇ ಬಿಟ್ಟಿದಾರೆ ಎಷ್ಟೋ ಜನಾನ.

ಹಳೇಎಚ್ಚಾರ್

ಸಾಲಲ್ಲ. ರಿಕ್ರೂಟರ್ ಒಳ್ಳೇ ಮನಸ್ಸಿಂದಾನೇ ಹೇಳಿರ್ಬಹುದು, ಆದ್ರೆ ನೀವು ಬಿಡೋ ಹೊತ್ತಿಗೆ ಅವ್ರೇ ಆ ಕಂಪನೀಲಿ ಇರಲ್ಲ. ಎಷ್ಟೋ ಲೆಟರ್‌ಗಳ ಕೊನೇಲಿ "ಈ ಒಪ್ಪಂದವೇ ಅಂತಿಮ, ಇದಕ್ಕೂ ಮುಂಚಿನ ಮಾತುಕತೆ, ಮೇಲ್ ಯಾವುದೂ ಅನ್ವಯಿಸಲ್ಲ" ಅನ್ನೋ ಅರ್ಥದ ಸಾಲು ಇರುತ್ತೆ. ಅದು ಇದ್ರೆ ಮೇಲ್‌ನಲ್ಲಿ "ಸರಿ" ಅಂದಿದ್ರೂ ಅದಕ್ಕೆ ಬಲ ಕಮ್ಮಿ. ಲೆಟರ್ ಒಳಗೆ ಬರ್ಬೇಕು, ಇಲ್ಲ ಅದಕ್ಕೆ ಅಂಟಿಸಿರೋ ಅಡೆಂಡಮ್ ಬೇಕು. ಸೈಡ್ ಲೆಟರ್ ಅಂತಾನೂ ಅಂತಾರೆ. ಅದ್ರಲ್ಲಿ ಆಫರ್ ಲೆಟರ್‌ನ ತಾರೀಖು, ಕ್ಲಾಸ್ ನಂಬರ್ ಹಾಕಿ, ಸೈನ್ ಅಧಿಕಾರ ಇರೋರು ಸೈನ್ ಮಾಡಿರ್ಬೇಕು. ಟೆಂಪ್ಲೇಟ್ ಮುಟ್ಟೋಕೆ ಲೀಗಲ್‌ನವ್ರು ಹಿಂದೆ ಮುಂದೆ ನೋಡ್ತಾರೆ, ಸೈಡ್ ಲೆಟರ್‌ಗೆ ಅಷ್ಟು ತಕರಾರು ಇರಲ್ಲ.

ಆಫರ್ ಕ್ಯಾನ್ಸಲ್ ಬಗ್ಗೆ ಹೇಳೋದಾದ್ರೆ, ಒಂದು ಕೋರಿಕೆ ಮರ್ಯಾದೆಯಿಂದ ಒಂದ್ಸಲ ಕೇಳಿದ್ದಕ್ಕೆ ಆಫರ್ ವಾಪಸ್ ತಗೊಂಡಿದ್ದನ್ನ ನಾನು ನೋಡಿಲ್ಲ. ಸಂಬಳ ಮುಗಿದು ಪದವಿ, ಪದವಿ ಮುಗಿದು ಬೋನಸ್, ಬೋನಸ್ ಮುಗಿದು ನೋಟಿಸ್ ಅಂತ ದಿನಕ್ಕೊಂದು ಎತ್ತಿದೋರ ಮೇಲೆ ಬೇಜಾರು ಪಟ್ಟಿದ್ದು ನೋಡಿದೀನಿ. ಕೇಳೋದಿದ್ರೆ ಎಲ್ಲ ಒಟ್ಟಿಗೆ, ಲೆಟರ್ ಕೈಗೆ ಬಂದ್ಮೇಲೆ ಸೈನ್ ಮಾಡೋ ಮುಂಚೆ. ಸೈನ್ ಆದ್ಮೇಲೆ ಕೇಳಿದ್ರೆ ಅವ್ರಿಗೆ ಒಪ್ಪೋ ಅವಸರಾನೇ ಇರಲ್ಲ.

ಮುಂಗಾರುಹುಡುಗ

ಮಧ್ಯೆ ಬಂದಿದ್ದಕ್ಕೆ ಸಾರಿ, ಆದ್ರೆ ಈ ವಿಷಯ ಓದಿ ಸುಮ್ನೆ ಇರೋಕೆ ಆಗ್ಲಿಲ್ಲ. ನನ್ನ ಆಫರ್ ಲೆಟರ್‌ನಲ್ಲಿ 60 ದಿನ ಅಂತ ಕಷ್ಟಪಟ್ಟು ಮಾಡಿಸ್ಕೊಂಡಿದ್ದೆ. ಸೇರಿದ ದಿನ ಅಪಾಯಿಂಟ್‌ಮೆಂಟ್ ಲೆಟರ್ ಅಂತ ದಪ್ಪ ಕಟ್ಟು ಕೊಟ್ರು, ಲ್ಯಾಪ್‌ಟಾಪ್ ತಗೊಳೋ ಗಡಿಬಿಡಿ, ಐಡಿ ಕಾರ್ಡ್ ಫೋಟೋ, ಎಲ್ರೂ ಸೈನ್ ಹಾಕ್ತಿದ್ರು ನಾನೂ ಹಾಕ್ದೆ. ಅದ್ರಲ್ಲಿ 90 ಅಂತ ಇತ್ತು, ಅದೂ ಅಲ್ದೆ "ಈ ಹಿಂದಿನ ಎಲ್ಲ ಪತ್ರಗಳ ಬದಲಿಗೆ ಇದು" ಅಂತಾನೂ ಇತ್ತು. ಬಿಡುವಾಗ ಆಫರ್ ಲೆಟರ್ ತೋರ್ಸಿದ್ರೆ "ಕೊನೆಗೆ ಸೈನ್ ಹಾಕಿದ್ದೇ ಲೆಕ್ಕ" ಅಂದ್ರು. ಮೂರು ತಿಂಗಳು ಪೂರ್ತಿ ಕೂತೆ, ಕಾಯ್ತಿದ್ದ ಕಡೆಯವ್ರು ಬೇರೆಯವ್ರನ್ನ ತಗೊಂಡ್ರು. ಇವತ್ತಿಗೂ ಅದು ಮನಸ್ಸಲ್ಲಿ ಕೊರೀತಿದೆ. ದಯವಿಟ್ಟು ಸೇರೋ ದಿನ ಕೊಡೋ ಪೇಪರ್‌ಗಳನ್ನ ಎರಡು ದಿನ ಮುಂಚೆ ಮೇಲ್‌ನಲ್ಲಿ ಕಳಿಸೋಕೆ ಹೇಳಿ, ನೋಟಿಸ್ ಪುಟ ಒಂದನ್ನಾದ್ರೂ ಓದಿ.

ಕೋಡುಗಲ್ಲು

@ಮುಂಗಾರುಹುಡುಗ ಇದನ್ನ ಹೇಳಿದ್ದು ಬಹಳ ಒಳ್ಳೇದಾಯ್ತು. ಹೀಗೆ ನಂಬರ್ ಸದ್ದಿಲ್ದೆ ಬದಲಾಗೋ ಜಾಗ ಇನ್ನೂ ಎರಡಿವೆ. ಒಂದು ಕನ್ಫರ್ಮೇಷನ್ ಲೆಟರ್ ಅಥವಾ ಪ್ರಮೋಷನ್ ಲೆಟರ್. ಸಂಬಳ ಎಷ್ಟಾಯ್ತು ಅಂತ ನೋಡಿ ಖುಷೀಲಿ ಒಪ್ಕೋತೀವಿ, ಕೆಳಗೆ "ಹೊಸ ಗ್ರೇಡ್‌ನ ನೋಟಿಸ್ ಅನ್ವಯ" ಅಂತ ಇರುತ್ತೆ. ಇನ್ನೊಂದು "ಕಾಲಕಾಲಕ್ಕೆ ತಿದ್ದುಪಡಿ ಆಗುವ ಕಂಪನಿ ಪಾಲಿಸಿ ಪ್ರಕಾರ" ಅನ್ನೋ ಸಾಲು. ಆ ಸಾಲು ಇದ್ರೆ ನಾಳೆ ಪಾಲಿಸಿ ಬದಲಾದ್ರೆ ನಿಮ್ಮದೂ ಬದಲಾಯ್ತು ಅಂತ ವಾದ ಮಾಡ್ತಾರೆ. ಅದಕ್ಕೇ ಸೈಡ್ ಲೆಟರ್‌ನಲ್ಲಿ "ಮುಂದೆ ಕೊಡುವ ಯಾವುದೇ ಪತ್ರ ಅಥವಾ ಪಾಲಿಸಿ ಬದಲಾವಣೆ ಇದ್ದರೂ, ಎರಡೂ ಕಡೆಯವರು ಲಿಖಿತವಾಗಿ ಬದಲಾಯಿಸುವ ತನಕ ಇದು ಉಳಿಯುತ್ತದೆ" ಅನ್ನೋ ಒಂದು ಸಾಲು ಹಾಕ್ಸಿ. ಒಪ್ಪದೇ ಇರ್ಬಹುದು, ಕೇಳೋಕಂತೂ ಕೇಳಿ.

ಹಳೇಎಚ್ಚಾರ್

ಇನ್ನೊಂದು ಸಣ್ಣ ವಿಷಯ, ಸಾಮಾನ್ಯವಾಗಿ ಯಾರೂ ಹೇಳಲ್ಲ. ಕಂಪನಿಯ ಎಚ್.ಆರ್. ಸಾಫ್ಟ್‌ವೇರ್‌ನಲ್ಲಿ ಗ್ರೇಡ್ ಹಾಕಿದ್ರೆ ನೋಟಿಸ್ ದಿನ ತಾನೇ ತುಂಬ್ಕೊಳುತ್ತೆ. ನಿಮ್ಮ ಸೈಡ್ ಲೆಟರ್ ಫೈಲ್‌ನಲ್ಲಿ ಪಿಡಿಎಫ್ ಆಗಿ ಬಿದ್ದಿರುತ್ತೆ, ಸಾಫ್ಟ್‌ವೇರ್‌ಗೆ ಅದು ಗೊತ್ತೇ ಇರಲ್ಲ. ನೀವು ಪೋರ್ಟಲ್‌ನಲ್ಲಿ ರಾಜೀನಾಮೆ ಒತ್ತಿದ ತಕ್ಷಣ ಕೊನೆ ದಿನ 90ರ ಲೆಕ್ಕದಲ್ಲಿ ಬರುತ್ತೆ, ಆ ತಾರೀಖು ಮ್ಯಾನೇಜರ್‌ಗೆ, ಐಟಿಗೆ, ಪೇರೋಲ್‌ಗೆ ಎಲ್ಲರಿಗೂ ಹೋಗ್ಬಿಡುತ್ತೆ, ಆಮೇಲೆ ಒಬ್ಬೊಬ್ರಿಗೂ ಲೆಟರ್ ತೋರಿಸ್ತಾ ಓಡಾಡ್ಬೇಕು. ಹಾಗಾಗಿ ಸೇರಿದ ಮೊದಲ ವಾರದಲ್ಲೇ ನಿಮ್ಮ ಪ್ರೊಫೈಲ್‌ನಲ್ಲಿ ನೋಟಿಸ್ ಪೀರಿಯಡ್ ಫೀಲ್ಡ್ ಎಷ್ಟು ತೋರಿಸ್ತಿದೆ ನೋಡಿ, 60 ಅಂತ ಮಾತಾಗಿದ್ರೆ ಅಲ್ಲಿ 60 ಇರ್ಬೇಕು. ಬೈಔಟ್ ಆದ್ರೆ ಫೀಲ್ಡ್‌ನಲ್ಲಿ 90 ಇರೋದೇ ಸರಿ, ಸೈಡ್ ಲೆಟರ್ ನಿಮ್ಮ ಡಾಕ್ಯುಮೆಂಟ್ಸ್ ಜಾಗದಲ್ಲಿ ಅಪ್ಲೋಡ್ ಆಗಿದ್ಯಾ ನೋಡ್ಕೊಳಿ. ನಿಮ್ಮ ಸ್ವಂತ ಮೇಲ್‌ನಲ್ಲೂ ಒಂದು ಕಾಪಿ ಇಟ್ಕೊಳಿ, ಆಫೀಸ್ ಮೇಲ್ ಕೊನೆ ದಿನ ಮುಚ್ಚೋಗುತ್ತೆ.

ಸುಮ್ನೆಬಂದೆ

ಪ್ರಶ್ನೆ ಈಗ ಸರಿಯಾಗಿ ಅರ್ಥ ಆಯ್ತು. ಆದ್ರೂ ನಾನು ಹೇಳಿದ್ದು ಇಲ್ಲೂ ಬರುತ್ತೆ ಅನ್ಸುತ್ತೆ. ನಿಮ್ಗೆ ಜಾಯಿನಿಂಗ್ ಬೋನಸ್ ಕೊಟ್ಟಿದಾರಾ? ಕೊಟ್ಟಿದ್ರೆ ಅದಕ್ಕೂ ವಾಪಸ್ ಕೊಡೋ ಷರತ್ತು ಇರುತ್ತೆ. ಒಂದು ವರ್ಷದ ಒಳಗೆ ಬೈಔಟ್ ಮಾಡಿ ಬಿಟ್ರೆ ಬೈಔಟ್ ದುಡ್ಡು, ಬೋನಸ್ ದುಡ್ಡು ಎರಡೂ ಒಟ್ಟಿಗೆ ಕಟ್ಬೇಕಾಗುತ್ತೆ. ಆ ವರ್ಷ ಲೆಕ್ಕ ಹಾಕೋದು ರಾಜೀನಾಮೆ ಕೊಟ್ಟ ದಿನದ ತನಕಾನಾ ಅಥವಾ ಕೊನೆ ದಿನದ ತನಕಾನಾ ಅಂತಾನೂ ಕೇಳ್ಕೊಳಿ. ಬೈಔಟ್ ಮಾಡಿದ್ರೆ ಕೊನೆ ದಿನ ಬೇಗ ಬರುತ್ತಲ್ಲ, ಹತ್ತು ಹದಿನೈದು ದಿನದಲ್ಲಿ ವರ್ಷ ತಪ್ಪಿ ಹೋಗ್ಬಹುದು.

ಹಸಿರುಗಿಣಿ

@ಸುಮ್ನೆಬಂದೆ ಹೌದು, ಸ್ವಲ್ಪ ಇದೆ. "ಕೆಲಸ ಬಿಟ್ಟರೆ" ಅಂತ ಮಾತ್ರ ಬರ್ದಿದೆ, ಯಾವ ದಿನ ಅಂತ ಇಲ್ಲ. ಅದನ್ನೂ ಕೇಳ್ತೀನಿ, ಥ್ಯಾಂಕ್ಸ್.

ಇವತ್ತು ಮ್ಯಾನೇಜರ್ ಜೊತೆ ಮಾತಾಡ್ದೆ. ಹೆದರಿದ ಹಾಗೆ ಏನೂ ಆಗ್ಲಿಲ್ಲ. "ನಾನೂ 90ರಲ್ಲೇ ಒದ್ದಾಡಿ ಬಂದೋನು" ಅಂತ ಅವ್ರೇ ಹೇಳಿದ್ರು. ಹ್ಯಾಂಡೋವರ್ ಬಗ್ಗೆ ಮಾತ್ರ ಎರಡೆರಡು ಸಲ ಕೇಳಿದ್ರು. ಆಮೇಲೆ ಹಳೇಎಚ್ಚಾರ್ ಸರ್ ಬರೆದಿದ್ದನ್ನೇ ಸ್ವಲ್ಪ ನನ್ನ ಮಾತಲ್ಲಿ ಬದಲಾಯಿಸಿ ಕಳಿಸಿದೀನಿ, ಬೇಸಿಕ್ ಗ್ರಾಸ್ ವ್ಯತ್ಯಾಸನೂ ತೋರಿಸಿ "ಎರಡೂ ಕಡೆ ಬೇಸಿಕ್ ಮಾಡಿ" ಅಂತ ಸೇರಿಸ್ದೆ.

ಅಲೆಮಾರಿ

ಒಳ್ಳೇದಾಗ್ಲಿ. ಆದ್ರೂ 60 ದಿನ ಅಂತ ಒಂದು ಮಾತು ಕೇಳಿ ನೋಡ್ಬೇಕಿತ್ತು ಅಂತಾನೇ ನನ್ನ ಅನಿಸಿಕೆ. ಮುಂದಿನ ಕಂಪನಿಯವ್ರು ಕೇಳುವಾಗ "90, ಆದ್ರೆ ಬೈಔಟ್ ಇದೆ" ಅಂದ್ರೆ ಅರ್ಧ ಜನ 90 ಕೇಳೇ ಪ್ರೊಫೈಲ್ ಪಕ್ಕಕ್ಕೆ ಇಡ್ತಾರೆ. ಫಾರ್ಮ್‌ನಲ್ಲಿ ನಂಬರ್ ಮಾತ್ರ ಹಾಕೋಕೆ ಜಾಗ ಇರುತ್ತೆ.

ಕೋಡುಗಲ್ಲು

ಆ ಫಾರ್ಮ್‌ನಲ್ಲಿ 45 ಅಂತ ಹಾಕ್ಬಹುದು, ಸೈಡ್ ಲೆಟರ್ ಕೈಲಿ ಇದ್ರೆ ಅದು ಸುಳ್ಳಲ್ಲ. 45 ದಿನಕ್ಕೆ ಬಿಡುಗಡೆ ಆಗೋ ಹಕ್ಕು ಬರೆದು ಕೊಟ್ಟಿರ್ತಾರೆ. ಆದ್ರೆ ಕಂಪನಿಯ ವಿವೇಚನೆ ಅಂತ ಇರೋ ಬೈಔಟ್ ನಂಬ್ಕೊಂಡು 45 ಅಂತ ಹಾಕಿದ್ರೆ ಅದು ಅಪಾಯ, ಆಮೇಲೆ ಬಿಡದೇ ಇದ್ರೆ ಎರಡೂ ಕಡೆ ಮಾತು ಹೋಗುತ್ತೆ.

ಹಸಿರುಗಿಣಿ

ಉತ್ತರ ಬಂತು. ನಂಬರ್ 90 ಬದಲಾಯಿಸಲ್ಲ ಅಂತ ಖಡಾಖಂಡಿತವಾಗಿ ಹೇಳಿದಾರೆ. ಸೈಡ್ ಲೆಟರ್ ಕೊಡ್ತೀವಿ ಅಂದ್ರು. ಕರಡು ಕಳಿಸಿದಾರೆ, ಅದ್ರಲ್ಲಿ ಇರೋದು: ಒಂದು ವರ್ಷ ಸರ್ವಿಸ್ ಆದ ಮೇಲೆ ರಾಜೀನಾಮೆ ಕೊಟ್ರೆ, 60 ದಿನ ಕೆಲಸ ಮಾಡಿ ಉಳಿದ 30 ದಿನಕ್ಕೆ ಬೇಸಿಕ್ ಲೆಕ್ಕದಲ್ಲಿ ಕಟ್ಟಿ ಹೋಗಬಹುದು, ಪ್ರತ್ಯೇಕ ಅನುಮತಿ ಬೇಡ, "ಹ್ಯಾಂಡೋವರ್ ತೃಪ್ತಿಕರವಾಗಿ ಮುಗಿದಿರಬೇಕು". ರಜೆ ಹೊಂದಿಸೋದಕ್ಕೆ ಒಪ್ಪಿಲ್ಲ. ಬೋನಸ್‌ಗೆ ಕೊನೆ ದಿನವೇ ಲೆಕ್ಕ ಅಂತ ಬರೆದಿದಾರೆ.

45 ಕೇಳಿದ್ದಕ್ಕೆ 60 ಕೊಟ್ರು, ನಂಗೆ ಇದು ಸಮಾಧಾನಾನೇ. ನಿಮ್ಗೆ ಏನ್ ಅನ್ಸುತ್ತೆ?

ಹಳೇಎಚ್ಚಾರ್

ಒಳ್ಳೇ ಕರಡು, ನಿಜವಾಗ್ಲೂ. ಕೋಡುಗಲ್ಲು ಹಾಕಿದ ಸಂಬಳದ ಲೆಕ್ಕದಲ್ಲೇ ನೋಡಿ, 30 ದಿನಕ್ಕೆ ಬೇಸಿಕ್ ಅಂದ್ರೆ 40 ಸಾವಿರ, ಮೊದಲಿನ ಕ್ಲಾಸ್ ಪ್ರಕಾರ 1 ಲಕ್ಷ ಆಗ್ತಿತ್ತು, ಅದೂ ಅವ್ರು ಒಪ್ಪಿದ್ರೆ ಮಾತ್ರ. ಆದ್ರೆ "ತೃಪ್ತಿಕರವಾಗಿ" ಅನ್ನೋ ಪದ ನಂಗೆ ಇಷ್ಟ ಆಗ್ಲಿಲ್ಲ. ಯಾರಿಗೆ ತೃಪ್ತಿ? ವಿವೇಚನೆಯನ್ನ ಮುಂಬಾಗಿಲಿಂದ ಕಳಿಸಿ ಹಿಂಬಾಗಿಲಿಂದ ಕರ್ಕೊಂಡ ಹಾಗಾಯ್ತು. ಅದರ ಬದಲು "ರಾಜೀನಾಮೆ ಕೊಟ್ಟ 7 ದಿನದೊಳಗೆ ಮ್ಯಾನೇಜರ್ ಲಿಖಿತವಾಗಿ ಕೊಡುವ ಹ್ಯಾಂಡೋವರ್ ಪಟ್ಟಿ ಮುಗಿದಿರಬೇಕು" ಅಂತ ಮಾಡಿಸಿ. ಪಟ್ಟಿ ಇದ್ರೆ ಮುಗಿದಿದ್ಯೋ ಇಲ್ವೋ ಅಂತ ಯಾರು ಬೇಕಾದ್ರೂ ನೋಡ್ಬಹುದು.

ನೇರನುಡಿ

ಮ್ಯಾನೇಜರ್ 7 ದಿನದಲ್ಲಿ ಪಟ್ಟಿ ಕೊಡ್ದೇ ಇದ್ರೆ?

ಹಳೇಎಚ್ಚಾರ್

ಒಳ್ಳೇ ಪ್ರಶ್ನೆ. "ಕೊಡದಿದ್ದರೆ ನೌಕರರು ಕಳಿಸುವ ಪಟ್ಟಿಯೇ ಅಂತಿಮ" ಅಂತ ಹಾಕ್ಬಹುದು, ಆದ್ರೆ ಅಷ್ಟು ದೂರ ಎಳೆದ್ರೆ ಲೀಗಲ್‌ನವ್ರು ಇಡೀ ಲೆಟರ್‌ನೇ ಮತ್ತೆ ನೋಡೋಕೆ ಶುರು ಮಾಡ್ತಾರೆ. ನಾನಾಗಿದ್ರೆ ಪಟ್ಟಿ ಅನ್ನೋ ಪದಕ್ಕೆ ನಿಲ್ಲಿಸ್ತಿದ್ದೆ.

ಕೋಡುಗಲ್ಲು

ನಾನು ಅದನ್ನೂ ಕೇಳ್ತಿದ್ದೆ. ಕೇಳೋಕೆ ಈಗ ಬಿಟ್ರೆ ಮತ್ತೆ ಹೊತ್ತು ಬರಲ್ಲ. ಇನ್ನೊಂದು, ಒಂದು ವರ್ಷದ ಒಳಗೆ ಬಿಟ್ರೆ ಹಳೇ ಕ್ಲಾಸೇ ಅನ್ವಯ ಆಗುತ್ತೆ, ಅಂದ್ರೆ ಗ್ರಾಸ್ ಮತ್ತು ಕಂಪನಿಯ ವಿವೇಚನೆ. ಪ್ರೊಬೇಷನ್ ಎಷ್ಟು ತಿಂಗಳು? ಅದು 6 ತಿಂಗಳಾದ್ರೆ, ಕನ್ಫರ್ಮ್ ಆದಾಗಿಂದ ವರ್ಷ ತುಂಬೋ ತನಕ ನಿಮ್ಗೆ 90 ದಿನದ ಪೂರ್ತಿ ಭಾರ ಇರುತ್ತೆ. ಅದನ್ನ ತಿಳ್ಕೊಂಡೇ ಸೈನ್ ಮಾಡಿ.

ಹಸಿರುಗಿಣಿ

6 ತಿಂಗಳೇ. ಆ ಮಧ್ಯದ ಆರು ತಿಂಗಳು ಪರವಾಗಿಲ್ಲ, ಅಷ್ಟು ಬೇಗ ಬಿಡೋ ಯೋಚ್ನೆ ಇಲ್ಲ, ಬೋನಸ್ ಷರತ್ತೂ ಆವಾಗ ಇದ್ದೇ ಇರುತ್ತೆ. "ತೃಪ್ತಿಕರ" ತೆಗೆದು "ಲಿಖಿತ ಪಟ್ಟಿ" ಹಾಕಿ ಅಂತ ಈಗ ಮೇಲ್ ಕಳಿಸ್ದೆ, ಮ್ಯಾನೇಜರ್ ಪಟ್ಟಿ ಕೊಡದೇ ಇದ್ರೆ ಅನ್ನೋ ಸಾಲು ಹಾಕಿಲ್ಲ. ಸೇರೋ ದಿನದ ಪೇಪರ್‌ಗಳನ್ನ ಮುಂಚೇನೇ ಕಳಿಸಿ ಅಂತಾನೂ ಕೇಳಿದೀನಿ. ಅವ್ರು ಒಪ್ಪಿದ್ರೆ ನಾಳಿದ್ದು ಸೈನ್.

ಮುಂಗಾರುಹುಡುಗ

ಅಪಾಯಿಂಟ್‌ಮೆಂಟ್ ಲೆಟರ್ ಬಂದ್ಮೇಲೆ ಅದ್ರಲ್ಲಿ ಸೈಡ್ ಲೆಟರ್‌ನ ಹೆಸರು ಇದ್ಯಾ ಅಂತ ಒಂದ್ಸಲ ನೋಡಿ ಇಲ್ಲಿ ಹಾಕ್ತೀರಾ? ನಾನೂ ಈಗ ಒಂದು ಆಫರ್ ನೋಡ್ತಿದೀನಿ, ನಂಗೂ ಅದೇ ಸಾಲು ಬೇಕಾಗುತ್ತೆ.

ಹಸಿರುಗಿಣಿ

ಖಂಡಿತ ಹಾಕ್ತೀನಿ.